ಎದೆಯುರಿ, ಮಲಬದ್ಧತೆ, ಕಾಲು ಸೆಳೆತ, ಸೊಂಟನೋವು: ನಾಲ್ಕೂ ಒಟ್ಟಿಗೆ ಬಂದಾಗ

ಪ್ರಶ್ನೆ: ನನಗೆ ಈಗ 31 ವಾರ, ಮೊದಲ ಬಸಿರು. ರಾತ್ರಿ ಊಟ ಮಾಡಿ ಮಲಗಿದರೆ ಎದೆಯುರಿ ಗಂಟಲಿನವರೆಗೂ ಬರುತ್ತದೆ. ಅಡುಗೆ ಸೋಡಾ ನೀರಿಗೆ ಹಾಕಿ ಕುಡಿಯುತ್ತೇನೆ. ಮರೆಯಬಾರದೆಂದು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ರಾತ್ರಿ ಒಟ್ಟಿಗೆ ನುಂಗುತ್ತಿದ್ದೆ. ಮಲಬದ್ಧತೆ ಜಾಸ್ತಿಯಾಗಿ ಎರಡು ವಾರದಿಂದ ಕಬ್ಬಿಣದ ಮಾತ್ರೆ ಬಿಟ್ಟಿದ್ದೇನೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಲ್ಲ ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೇನೆ. ನಡುರಾತ್ರಿ ಎಡಗಾಲಿನ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತದೆ. ಸೊಂಟನೋವಿಗೆ ಮನೆಯಲ್ಲಿದ್ದ ನೋವಿನ ಜೆಲ್ ಹಚ್ಚುತ್ತಿದ್ದೇನೆ. ಇದೆಲ್ಲ ಮಾಮೂಲು ಎಂದು ಎಲ್ಲರೂ ಹೇಳುತ್ತಾರೆ. ಯಾವುದು ಮಾಮೂಲು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ಉತ್ತರ: ಮೊದಲು ಇವತ್ತಿನಿಂದಲೇ ನಿಲ್ಲಿಸಬೇಕಾದ ಎರಡು ವಿಷಯ ಹೇಳಿಬಿಡುತ್ತೇನೆ. ಒಂದು ಅಡುಗೆ ಸೋಡಾ, ಇನ್ನೊಂದು ಆ ನೋವಿನ ಜೆಲ್. ಏಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ. ಕಬ್ಬಿಣದ ಮಾತ್ರೆ ಬಿಟ್ಟಿರುವುದನ್ನು ನಿಮ್ಮ ವೈದ್ಯರಿಗೆ ಫೋನ್ ಮಾಡಿಯಾದರೂ ತಿಳಿಸಿ. ಮುಂದಿನ ಭೇಟಿಯವರೆಗೆ ಕಾಯಬೇಡಿ.

ನಿಮ್ಮ ಪತ್ರ ಓದಿದಾಗ ನನಗೆ ಕಂಡಿದ್ದು ನಾಲ್ಕು ಬೇರೆ ಬೇರೆ ತೊಂದರೆಗಳಲ್ಲ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದನ್ನು ಜಾಸ್ತಿ ಮಾಡಿದೆ. ನೀರು ಕಡಿಮೆ ಮಾಡಿದ್ದಕ್ಕೆ ಮಲ ಗಟ್ಟಿಯಾಯಿತು. ಮಲ ಗಟ್ಟಿಯಾಗಿದ್ದಕ್ಕೆ ಕಬ್ಬಿಣ ಬಿಟ್ಟಿರಿ. ಮುಕ್ಕುವಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಅದು ಮೊದಲೇ ನೋಯುತ್ತಿರುವ ಸೊಂಟಕ್ಕೂ ಒಳ್ಳೆಯದಲ್ಲ. ಸೊಂಟ ನೋಯುತ್ತದೆ ಎಂದು ಊಟ ಮಾಡಿದ ಕೂಡಲೇ ಮಲಗಿದರೆ ಎದೆಯುರಿ ಜಾಸ್ತಿ. ನನ್ನ ಹತ್ತಿರ ಬರುವ ಏಳು, ಎಂಟು ತಿಂಗಳ ಬಸುರಿಯರಲ್ಲಿ ಈ ಸರಪಳಿಯನ್ನು ಮತ್ತೆ ಮತ್ತೆ ನೋಡುತ್ತೇನೆ. ಹಾಗಾಗಿ ಒಂದೊಂದಕ್ಕೂ ಒಂದೊಂದು ಔಷಧಿ ಬರೆಯುವ ಮೊದಲು ದಿನದ ಕ್ರಮವನ್ನು ಸರಿಮಾಡುವುದು ನನ್ನ ಪದ್ಧತಿ.

ಎದೆಯುರಿ ಏಕೆ, ಸೋಡಾ ಏಕೆ ಬೇಡ

ಬಸಿರಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿರುತ್ತದೆ. ಗರ್ಭಕೋಶ ಅವಧಿಗೆ ಮುಂಚೆ ಬಿಗಿಯದಂತೆ ಅದು ಸಡಿಲವಾಗಿ ಇಡುತ್ತದೆ. ಆದರೆ ಆ ಸಡಿಲತನ ಗರ್ಭಕೋಶಕ್ಕೆ ಮಾತ್ರ ಸೀಮಿತವಾಗಿರುವುದಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಬಾಯಿ ಮುಚ್ಚಿ ಹಿಡಿಯುವ ಸ್ನಾಯು ಇದೆ, ಅದೂ ಸಡಿಲವಾಗುತ್ತದೆ. ಕೆಳಗಿನಿಂದ ಬೆಳೆಯುವ ಗರ್ಭಕೋಶ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. ನೀವು ಮಲಗಿದಾಗ ಆಮ್ಲ ಸುಲಭವಾಗಿ ಮೇಲಕ್ಕೆ ಹರಿಯುತ್ತದೆ. ನಿಮ್ಮ ಹೊಟ್ಟೆಯಲ್ಲಿ ಆಮ್ಲ ವಿಪರೀತ ತಯಾರಾಗುತ್ತಿದೆ ಎಂದೇನೂ ಅಲ್ಲ. ಅದು ಇರಬಾರದ ಜಾಗಕ್ಕೆ ಬರುತ್ತಿದೆ, ಅಷ್ಟೇ.

ಅದಕ್ಕೇ ಮೊದಲ ಚಿಕಿತ್ಸೆ ಎಂದರೆ ಊಟಕ್ಕೂ ಮಲಗುವುದಕ್ಕೂ ನಡುವೆ ಅಂತರ. ಎರಡೂವರೆಯಿಂದ ಮೂರು ಗಂಟೆ ಇರಲಿ. ರಾತ್ರಿ ಹತ್ತೂವರೆಗೆ ಮಲಗುವವರು ಏಳೂವರೆಗೆ ಊಟ ಮುಗಿಸಬೇಕು. ರಾತ್ರಿಯ ಊಟ ದಿನದ ಚಿಕ್ಕ ಊಟವಾಗಿರಲಿ. ಹಾಸಿಗೆಯ ತಲೆಯ ಕಡೆಯನ್ನು 15ರಿಂದ 20 ಸೆಂಟಿಮೀಟರ್ ಎತ್ತರ ಮಾಡಿ. ಮಂಚದ ಕಾಲಿನ ಕೆಳಗೆ ಗಟ್ಟಿಯಾದ ಆಧಾರ ಕೊಟ್ಟರೆ ಸಾಕು. ತಲೆದಿಂಬು ಎರಡು ಮೂರು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಮಡಚಿ ಉರಿ ಇನ್ನೂ ಜಾಸ್ತಿಯಾಗಬಹುದು. ಎಡಮಗ್ಗುಲಿಗೆ ಮಲಗಿ. ಆಗ ಹೊಟ್ಟೆ ಅನ್ನನಾಳಕ್ಕಿಂತ ಕೆಳಮಟ್ಟದಲ್ಲಿ ಉಳಿಯುತ್ತದೆ. ಖಾರ, ಕರಿದದ್ದು, ಕಾಫಿ, ಚಾಕೊಲೇಟ್ ಎಲ್ಲರಿಗೂ ಒಂದೇ ತರಹ ಕಾಡುವುದಿಲ್ಲ. ನಿಮಗೆ ಯಾವುದು ಉರಿ ತರುತ್ತದೋ ಅದನ್ನು ಮಾತ್ರ ಬಿಡಿ. ಸುಮ್ನೆ ಎಲ್ಲವನ್ನೂ ಬಿಟ್ಟು ಅರೆಹೊಟ್ಟೆಯಲ್ಲಿರಬೇಡಿ.

ಈಗ ಅಡುಗೆ ಸೋಡಾದ ವಿಷಯ. ಅದು ಆಮ್ಲವನ್ನು ತಕ್ಷಣ ತಣಿಸುತ್ತದೆ ನಿಜ. ಆದರೆ ಅರ್ಧ ಟೀ ಚಮಚ ಸೋಡಾದಲ್ಲಿ 600 ಮಿಲಿಗ್ರಾಂಗಿಂತ ಜಾಸ್ತಿ ಸೋಡಿಯಂ ಇರುತ್ತದೆ. ದೊಡ್ಡವರಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟದ ಉಪ್ಪಿನ ಮೇಲೆ ಇದು ಬೇರೆ ಸೇರಿದರೆ ದೇಹದಲ್ಲಿ ನೀರು ನಿಲ್ಲುತ್ತದೆ. ಪದೇ ಪದೇ ಕುಡಿದರೆ ರಕ್ತದ ಆಮ್ಲ-ಕ್ಷಾರ ಸಮತೋಲನವೂ ಕೆಡಬಹುದು. ಹೊಟ್ಟೆಯಲ್ಲಿ ಅನಿಲ ತುಂಬಿ ತೇಗು ಬರುವಾಗ ಆಮ್ಲ ಮತ್ತೆ ಮೇಲೆ ಬರುತ್ತದೆ. ಇಷ್ಟೆಲ್ಲ ಏಕೆ, ಅಲ್ವಾ?

ಅದರ ಬದಲು ಆಲ್ಜಿನೇಟ್ ಇರುವ ಆಂಟಾಸಿಡ್ ಬಗ್ಗೆ ವೈದ್ಯರನ್ನು ಕೇಳಿ. ಇದು ಹೊಟ್ಟೆಯಲ್ಲಿರುವುದರ ಮೇಲೆ ನೊರೆಯಂತಹ ಒಂದು ಪದರವಾಗಿ ತೇಲುತ್ತದೆ, ಆಮ್ಲ ಮೇಲೆ ಬರದಂತೆ ತಡೆಯುತ್ತದೆ. ಊಟದ ನಂತರ ಮತ್ತು ಮಲಗುವ ಮುಂಚೆ ತೆಗೆದುಕೊಳ್ಳುವುದು ರೂಢಿ. ಬಿ.ಪಿ. ಇದ್ದವರು ಇದರಲ್ಲೂ ಸೋಡಿಯಂ ಎಷ್ಟಿದೆ ಎಂದು ವಿಚಾರಿಸಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಮೆಗ್ನೀಸಿಯಂ ಇರುವ ಆಂಟಾಸಿಡ್‌ಗಳನ್ನೂ ಹೇಳಿದ ಪ್ರಮಾಣದಲ್ಲಿ ಬಳಸಬಹುದು. ನಿಮಗೆ ಮಲಬದ್ಧತೆ ಇರುವುದರಿಂದ ಒಂದು ಸೂಕ್ಷ್ಮ ಗಮನಿಸಿ. ಕ್ಯಾಲ್ಸಿಯಂ ಮತ್ತು ಅಲ್ಯುಮಿನಿಯಂ ಇರುವವು ಮಲವನ್ನು ಗಟ್ಟಿ ಮಾಡುತ್ತವೆ, ಮೆಗ್ನೀಸಿಯಂ ಇರುವವು ಸಡಿಲ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆ ಬೇರೆ ನುಂಗುತ್ತಿದ್ದೀರಿ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಇರುವ ಹೊಟ್ಟೆಯ ಔಷಧಿ ಬಸಿರಿನಲ್ಲಿ ಬೇಡ.

ಇಷ್ಟು ಮಾಡಿಯೂ ರಾತ್ರಿ ನಿದ್ದೆ ಕೆಡುತ್ತಿದ್ದರೆ ಫ್ಯಾಮೋಟಿಡಿನ್, ಒಮೆಪ್ರಝೋಲ್ ತರಹದ ಆಮ್ಲ ತಗ್ಗಿಸುವ ಮಾತ್ರೆಗಳಿವೆ. ಒಮೆಪ್ರಝೋಲ್ ಅನ್ನು ಬಸಿರಿನಲ್ಲಿ ಬಹಳ ವರ್ಷಗಳಿಂದ ಬಳಸಿದ ಅನುಭವವಿದೆ. ನಾನು ಅಗತ್ಯವಿದ್ದಾಗ ಹಿಂಜರಿಯದೆ ಬರೆಯುತ್ತೇನೆ. ಆದರೆ ಇವನ್ನು ನೀವಾಗಿಯೇ ಶುರು ಮಾಡಬೇಡಿ. ಆಮ್ಲ ತೀರಾ ಕಡಿಮೆಯಾದರೆ ಕಬ್ಬಿಣ ದೇಹಕ್ಕೆ ಸೇರುವುದೂ ಕಡಿಮೆಯಾಗುತ್ತದೆ. ನಿಮಗೆ ಅದು ಮುಖ್ಯ.

ಎದೆಯುರಿ ಇದ್ದರೆ ಮಗುವಿಗೆ ತಲೆತುಂಬ ಕೂದಲು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಒಂದು ಚಿಕ್ಕ ಅಧ್ಯಯನದಲ್ಲಿ ಎರಡಕ್ಕೂ ಸ್ವಲ್ಪ ಸಂಬಂಧ ಕಂಡಿದ್ದೂ ಉಂಟು. ಹಾಗೆಂದು ಕೂದಲು ಎದೆಯುರಿಗೆ ಕಾರಣವಲ್ಲ. ಉರಿಯನ್ನು ಸಹಿಸಿಕೊಂಡು ಕೂರುವುದಕ್ಕೂ ಅದು ಕಾರಣವಾಗಬಾರದು.

ಎದೆಯುರಿಯ ಹಾಗೆ ಕಾಣುವ ಬೇರೆ ನೋವು

ನಾನು ನಿಮ್ಮಿಂದ ಹೆಚ್ಚು ಗಮನ ಕೇಳುವುದು ಇಲ್ಲಿ. ಎದೆಯುರಿ ಉರಿಯುತ್ತದೆ, ಮೇಲಕ್ಕೆ ಏರುತ್ತದೆ, ಬಾಯಿಗೆ ಹುಳಿ ಬರುತ್ತದೆ. ಊಟವಾದ ಮೇಲೆ, ಬಗ್ಗಿದಾಗ, ಮಲಗಿದಾಗ ಜಾಸ್ತಿ. ಎದ್ದು ಕೂತರೆ, ಆಂಟಾಸಿಡ್ ತೆಗೆದುಕೊಂಡರೆ ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತದೆ.

20 ವಾರದ ನಂತರ ಬಲಪಕ್ಕೆಯ ಕೆಳಗೆ ಅಥವಾ ಮೇಲ್ಹೊಟ್ಟೆಯ ನಡುಭಾಗದಲ್ಲಿ ಬರುವ ನೋವು ಬೇರೆ. ಅದು ಒತ್ತಿದಂತೆ, ಬಿಗಿದಂತೆ ಇರುತ್ತದೆ. ಭಂಗಿ ಬದಲಿಸಿದರೂ ಆಂಟಾಸಿಡ್ ತೆಗೆದುಕೊಂಡರೂ ಹೋಗುವುದಿಲ್ಲ. ಜೊತೆಗೆ ಬಿಡದ ತಲೆನೋವು, ಕಣ್ಣಮುಂದೆ ಮಿಂಚು ಅಥವಾ ಮಂಜು, ಹೊಸದಾಗಿ ವಾಂತಿ, ಮುಖ ಮತ್ತು ಕೈಗಳಲ್ಲಿ ಇದ್ದಕ್ಕಿದ್ದಂತೆ ಊತ ಬರಬಹುದು. ಇದು ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿ.ಪಿ. ಏರಿ ಲಿವರ್, ಕಿಡ್ನಿ ಮುಂತಾದ ಅಂಗಗಳಿಗೆ ಪೆಟ್ಟು ಕೊಡುವ ಸ್ಥಿತಿಯ ಲಕ್ಷಣವಾಗಿರಬಹುದು. ನೋವು ಬರುವುದು ಲಿವರ್ ಊದಿಕೊಳ್ಳುವುದರಿಂದ. ಈ ಲಕ್ಷಣಗಳು ಎಲ್ಲವೂ ಒಟ್ಟಿಗೆ ಇರಬೇಕೆಂದಿಲ್ಲ. ಕೆಲವರಿಗೆ ಮೇಲ್ಹೊಟ್ಟೆ ನೋವು ಮಾತ್ರ ಮೊದಲು ಬರುತ್ತದೆ, ಅವರು ಅದನ್ನು ಗ್ಯಾಸ್ ಎಂದುಕೊಂಡು ರಾತ್ರಿಯೆಲ್ಲ ಕಾಯುತ್ತಾರೆ. ಕಾಯಬೇಡಿ. ಬಿ.ಪಿ. ನೋಡಿಸಿ. 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ದಿನ ಪರೀಕ್ಷೆ ಆಗಬೇಕು. 160/110 ತಲುಪಿದ್ದರೆ ತುರ್ತು ಎಂದೇ ತಿಳಿಯಿರಿ. ಬಿ.ಪಿ. ಸರಿಯಾಗಿದ್ದರೂ ನೋವು ಹೋಗದಿದ್ದರೆ ರಕ್ತಪರೀಕ್ಷೆ ಬೇಕು. ಪಿತ್ತಕೋಶದ ಕಲ್ಲೂ ಹೀಗೇ ನೋಯಿಸಬಹುದು.

ಕಬ್ಬಿಣ ಬಿಡದೆ ಮಲಬದ್ಧತೆ ಸರಿಮಾಡುವುದು

ಅದೇ ಪ್ರೊಜೆಸ್ಟರಾನ್ ಕರುಳನ್ನೂ ನಿಧಾನ ಮಾಡುತ್ತದೆ. ಆಹಾರ ಕರುಳಿನಲ್ಲಿ ಜಾಸ್ತಿ ಹೊತ್ತು ಉಳಿದಷ್ಟೂ ದೇಹ ಅದರಿಂದ ನೀರನ್ನು ಹೀರಿಕೊಳ್ಳುತ್ತದೆ. ಉಳಿಯುವುದು ಗಟ್ಟಿ ಮಲ. ಇದರ ಮೇಲೆ ಕಬ್ಬಿಣದ ಮಾತ್ರೆ ಬಂದರೆ ಇನ್ನಷ್ಟು ಗಟ್ಟಿ, ಬಣ್ಣವೂ ಕಪ್ಪು. ಆ ಕಪ್ಪು ಬಣ್ಣಕ್ಕೆ ಹೆದರಬೇಕಾಗಿಲ್ಲ.

ಆದರೆ ಮಾತ್ರೆ ಬಿಡುವುದು ಪರಿಹಾರವಲ್ಲ. 31 ವಾರದಿಂದ ಹೆರಿಗೆಯವರೆಗಿನ ಅವಧಿಯಲ್ಲಿ ಮಗು ತನ್ನ ಕಬ್ಬಿಣದ ದಾಸ್ತಾನನ್ನು ತುಂಬಿಸಿಕೊಳ್ಳುತ್ತದೆ. ಹೆರಿಗೆಯಲ್ಲಿ ರಕ್ತ ಹೋಗುವಾಗ ರಕ್ತಹೀನತೆ ಇದ್ದವರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ವೈದ್ಯರ ಹತ್ತಿರ ಬೇರೆ ದಾರಿಗಳಿವೆ. ಪ್ರಮಾಣ ಕಡಿಮೆ ಮಾಡಬಹುದು, ಬೇರೆ ಬಗೆಯ ಕಬ್ಬಿಣ ಕೊಡಬಹುದು. ಹಿಮೋಗ್ಲೋಬಿನ್ ಸರಿಯಿದ್ದವರಿಗೆ ದಿನ ಬಿಟ್ಟು ದಿನ ನುಂಗಲು ಹೇಳಬಹುದು, ಅದರಿಂದ ಹೊಟ್ಟೆಯ ತೊಂದರೆ ಕಡಿಮೆಯಾಗುತ್ತದೆ. ಮಾತ್ರೆ ತಡೆಯಲೇ ಆಗದಿದ್ದರೆ ಕಬ್ಬಿಣವನ್ನು ಡ್ರಿಪ್ ಮೂಲಕ ಕೊಡುವುದೂ ಇದೆ. ಯಾವುದು ಬೇಕೆಂದು ನಿಮ್ಮ ಹಿಮೋಗ್ಲೋಬಿನ್ ಹೇಳುತ್ತದೆ. ಅದಕ್ಕೇ ಫೋನ್ ಮಾಡಿ ಎಂದಿದ್ದು.

ಇನ್ನೊಂದು ವಿಷಯ. ನೀವು ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗುತ್ತಿದ್ದಿರಿ, ಮೇಲೆ ಸೋಡಾ. ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಆಮ್ಲ ತಣಿಸುವ ಔಷಧಿಯೂ ಹಾಗೇ. ಅಂದರೆ ಮಲಬದ್ಧತೆಯ ಕಷ್ಟ ಪೂರ್ತಿ ಅನುಭವಿಸಿದಿರಿ, ಕಬ್ಬಿಣದ ಲಾಭ ಅರ್ಧವೂ ಸಿಕ್ಕಿಲ್ಲ. ಈ ಮಾತು ಮಾತ್ರೆ ಕೊಡುವಾಗಲೇ ಯಾರಾದರೂ ನಿಮಗೆ ಹೇಳಬೇಕಿತ್ತು.

ವೈದ್ಯರು ಮತ್ತೆ ಶುರು ಮಾಡಿ ಎಂದ ಮೇಲೆ ನಿಮ್ಮ ದಿನ ಹೀಗಿರಲಿ. ಬೆಳಿಗ್ಗೆ ಎದ್ದ ಮೇಲೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ಕಬ್ಬಿಣದ ಮಾತ್ರೆ. ಒಂದು ಗಂಟೆ ಬಿಟ್ಟು ತಿಂಡಿ. ಕಾಫಿ, ಚಹಾ, ಹಾಲು ಮಾತ್ರೆಯ ಹತ್ತಿರ ಸುಳಿಯಬಾರದು, ಎರಡು ಗಂಟೆ ದೂರವಿರಲಿ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಹೊತ್ತಿಗೆ ಹಾಕಿಕೊಳ್ಳಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಆಂಟಾಸಿಡ್ ರಾತ್ರಿ ಊಟದ ನಂತರ. ಹೀಗೆ ಮೂರೂ ಒಂದನ್ನೊಂದು ಮುಟ್ಟುವುದಿಲ್ಲ.

ತಿಂಡಿ ಆಗಿ ಇಪ್ಪತ್ತು ನಿಮಿಷ, ಅರ್ಧ ಗಂಟೆಗೆ ಶೌಚಾಲಯಕ್ಕೆ ಹೋಗಿ ಕೂರುವ ಅಭ್ಯಾಸ ಮಾಡಿ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚಲಿಸುತ್ತದೆ, ಬೆಳಿಗ್ಗೆ ಇದು ಇನ್ನೂ ಜೋರು. ಆ ಹೊತ್ತನ್ನು ಕಳೆದುಕೊಳ್ಳಬೇಡಿ. ಕಮೋಡ್ ಆದರೆ ಪಾದದ ಕೆಳಗೆ ಚಿಕ್ಕ ಸ್ಟೂಲ್ ಇಟ್ಟುಕೊಂಡು ಮಂಡಿಯನ್ನು ಸೊಂಟಕ್ಕಿಂತ ಮೇಲೆ ತನ್ನಿ, ಸ್ವಲ್ಪ ಮುಂದಕ್ಕೆ ಬಾಗಿ. ಉಸಿರು ಬಿಗಿಹಿಡಿದು ಮುಕ್ಕಬೇಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ.

ನೀರನ್ನು ಮತ್ತೆ ಜಾಸ್ತಿ ಮಾಡಿ, ಆದರೆ ಹೊತ್ತು ಬದಲಿಸಿ. ದಿನಕ್ಕೆ ಎರಡು, ಎರಡೂವರೆ ಲೀಟರ್ ಬೇಕು. ಅದರ ಬಹುಪಾಲು ಸಂಜೆ ಆರರೊಳಗೆ ಕುಡಿದು, ಆಮೇಲೆ ಬಾಯಾರಿದಷ್ಟು ಮಾತ್ರ ಕುಡಿಯಿರಿ. ಮೂತ್ರಕ್ಕೆ ಏಳುವುದು ಪೂರ್ತಿ ನಿಲ್ಲುವುದಿಲ್ಲ, ಸ್ವಲ್ಪ ಕಡಿಮೆಯಾಗುತ್ತದೆ. ನಾರು ದಿನಕ್ಕೆ 25ರಿಂದ 30 ಗ್ರಾಂ ಸೇರಬೇಕು. ತರಕಾರಿ, ಹಣ್ಣು, ಬೇಳೆಕಾಳು, ತವುಡು ತೆಗೆಯದ ಧಾನ್ಯಗಳಿಂದ ಇದು ಸಿಗುತ್ತದೆ. ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರವಿಡೀ ಸ್ವಲ್ಪ ಸ್ವಲ್ಪ ಏರಿಸಿ. ನೀರು ಕುಡಿಯದೆ ನಾರು ಮಾತ್ರ ಹೆಚ್ಚಿಸಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಇಸಬ್ಗೋಲ್ ಬಳಸುವವರು ಈ ತಪ್ಪು ಜಾಸ್ತಿ ಮಾಡುತ್ತಾರೆ. ಒಂದು ಟೀ ಚಮಚಕ್ಕೆ ಒಂದು ದೊಡ್ಡ ಲೋಟ ನೀರು ಬೇಕೇ ಬೇಕು. ಮಾತ್ರೆಗಳಿಂದ ಎರಡು ಗಂಟೆ ದೂರವಿಟ್ಟು ಕುಡಿಯಿರಿ. ಕುಡಿದ ತಕ್ಷಣ ಮಲಗಬೇಡಿ.

ಒಂದು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಲ್ಯಾಕ್ಟುಲೋಸ್ ಸಿರಪ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕೇಳಿ. ಇವು ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತವೆ. ದೇಹಕ್ಕೆ ಸೇರುವುದು ತೀರಾ ಕಡಿಮೆ, ಆದ್ದರಿಂದ ಮಗುವಿಗೆ ತೊಂದರೆಯಿಲ್ಲ. ಲ್ಯಾಕ್ಟುಲೋಸ್ ಕೆಲಸ ಮಾಡಲು ಎರಡು ದಿನ ಬೇಕು, ಮೊದಮೊದಲು ಗ್ಯಾಸ್ ಆಗುತ್ತದೆ. ಒಂದೇ ದಿನ ನೋಡಿ ಬಿಟ್ಟುಬಿಡಬೇಡಿ. ಹರಳೆಣ್ಣೆ ಮಾತ್ರ ಬೇಡವೇ ಬೇಡ. ಅದು ಗರ್ಭಕೋಶವನ್ನೂ ಬಿಗಿಯುವಂತೆ ಕೆರಳಿಸಬಲ್ಲದು.

ಮಲಕ್ಕೆ ಅಂಟಿಕೊಂಡು ಸ್ವಲ್ಪ ಕೆಂಪು ರಕ್ತ ಕಂಡರೆ ಸಾಮಾನ್ಯವಾಗಿ ಮೂಲವ್ಯಾಧಿ ಅಥವಾ ಗುದದಲ್ಲಿನ ಬಿರುಕು ಕಾರಣ. ಆದರೂ ತೋರಿಸಿ. ಹೊಟ್ಟೆ ಉಬ್ಬಿ, ಗ್ಯಾಸ್ ಕೂಡ ಹೋಗದೆ, ವಾಂತಿ ಶುರುವಾದರೆ ಅದು ಮಲಬದ್ಧತೆಯಲ್ಲ, ಕರುಳು ಕಟ್ಟಿಕೊಂಡಿರಬಹುದು. ತಕ್ಷಣ ಹೋಗಿ.

ಎಡ ಮೀನಖಂಡ

ನಿಮಗಾಗುತ್ತಿರುವುದು ಹೆಚ್ಚಾಗಿ ಮಾಮೂಲು ಸೆಳೆತವೇ. ಬಸಿರಿನ ಕೊನೆಯ ತಿಂಗಳುಗಳಲ್ಲಿ ನಿದ್ದೆಯಲ್ಲಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೆಲವು ಸೆಕೆಂಡಿನಿಂದ ಕೆಲವು ನಿಮಿಷದಲ್ಲಿ ಬಿಡುತ್ತದೆ, ಮರುದಿನ ಆ ಜಾಗ ಸ್ವಲ್ಪ ನೋಯುತ್ತದೆ. ಏಕೆ ಬರುತ್ತದೆ ಎಂಬುದಕ್ಕೆ ಖಚಿತ ಉತ್ತರ ವೈದ್ಯಶಾಸ್ತ್ರದಲ್ಲಿ ಇನ್ನೂ ಇಲ್ಲ. ಕ್ಯಾಲ್ಸಿಯಂ ಕೊರತೆಯಿಂದಲೇ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಕೆಲವು ಲಾಭ ತೋರಿಸಿವೆ, ಕೆಲವು ತೋರಿಸಿಲ್ಲ. ಆದ್ದರಿಂದ ಸೆಳೆತಕ್ಕಾಗಿ ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿ ಎರಡಕ್ಕೆ ಏರಿಸಬೇಡಿ, ಅದು ಮಲಬದ್ಧತೆಗೇ ದಾರಿ. ಕ್ವಿನೈನ್ ಇರುವ ಔಷಧಿಯನ್ನು ಇದಕ್ಕಾಗಿ ಮುಟ್ಟಲೇಬೇಡಿ.

ಸೆಳೆತ ಬಂದ ಕ್ಷಣದಲ್ಲಿ ಮಂಡಿ ನೇರ ಮಾಡಿ, ಹಿಮ್ಮಡಿಯನ್ನು ಮುಂದಕ್ಕೆ ಒತ್ತಿ, ಕಾಲ್ಬೆರಳನ್ನು ನಿಮ್ಮ ಮುಖದ ಕಡೆಗೆ ಎಳೆಯಿರಿ. ಹೊಟ್ಟೆ ದೊಡ್ಡದಾಗಿ ಕೈ ನಿಲುಕದಿದ್ದರೆ ಒಂದು ಟವೆಲ್ಲನ್ನು ಪಾದಕ್ಕೆ ಸುತ್ತಿ ಎಳೆಯಬಹುದು. ನಿದ್ದೆಗಣ್ಣಿನಲ್ಲಿ ಮೈಮುರಿಯುವಾಗ ಬೆರಳನ್ನು ಕೆಳಕ್ಕೆ ಚಾಚಬೇಡಿ, ಸೆಳೆತ ಕೆರಳುವುದೇ ಹಾಗೆ. ಮಲಗುವ ಮುಂಚೆ ಗೋಡೆಗೆ ಕೈಯೂರಿ ನಿಂತು, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ. ಅರ್ಧ ನಿಮಿಷ ಹಿಡಿಯಿರಿ, ಎರಡೂ ಕಾಲಿಗೆ ಮೂರು ಸಲ ಮಾಡಿ. ಹೊದಿಕೆ ಪಾದದ ಮೇಲೆ ಬಿಗಿಯಾಗಿ ಕೂರದಂತೆ ಸಡಿಲ ಮಾಡಿ.

ಸೆಳೆತವಿಲ್ಲದೆ ಸುಮ್ನೆ ಕಾಲು ಆಡಿಸಬೇಕು ಎನ್ನಿಸುವುದು, ಆಡಿಸಿದರೆ ಸಮಾಧಾನವಾಗುವುದು ಬೇರೆ ತೊಂದರೆ. ಅದಕ್ಕೂ ಕಬ್ಬಿಣದ ಕೊರತೆಗೂ ನಂಟಿದೆ. ನಿಮಗೆ ಅದೂ ಇದ್ದರೆ ವೈದ್ಯರಿಗೆ ಹೇಳಿ.

ಎಡಗಾಲು ಎಂದು ಬರೆದಿದ್ದೀರಿ, ಅದಕ್ಕೆ ಒಂದು ಮಾತು ಜಾಸ್ತಿ ಹೇಳಬೇಕು. ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಬಸಿರಿಲ್ಲದವರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಹಾಗಿದ್ದರೂ ಅಪರೂಪವೇ, ಸಾವಿರ ಬಸುರಿಯರಲ್ಲಿ ಸುಮಾರು ಒಬ್ಬರಿಗೆ ಬರಬಹುದು. ಬಂದಾಗ ಬಹುಪಾಲು ಎಡಗಾಲಿನಲ್ಲೇ ಬರುತ್ತದೆ. ಎಡಗಾಲಿನ ರಕ್ತ ಹೊತ್ತು ತರುವ ದೊಡ್ಡ ಸಿರೆಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಹಾದುಹೋಗುತ್ತದೆ. ಗರ್ಭಕೋಶದ ಭಾರ ಸೇರಿದಾಗ ಆ ಸಿರೆ ಒತ್ತಿಹೋಗಿ ರಕ್ತ ನಿಧಾನವಾಗುತ್ತದೆ.

ಗುರುತಿಸುವುದು ಹೀಗೆ. ಸೆಳೆತ ಬಂದು ಹೋಗುತ್ತದೆ. ಹೆಪ್ಪಿನ ನೋವು ಉಳಿಯುತ್ತದೆ, ನಡೆದಾಗ ಜಾಸ್ತಿಯಾಗುತ್ತದೆ. ಒಂದೇ ಕಾಲು ಊದುತ್ತದೆ, ಮುಟ್ಟಿದರೆ ಬಿಸಿ, ಬಣ್ಣ ಕೆಂಪು ಅಥವಾ ಕಪ್ಪಾಗಿರಬಹುದು. ಒಂದು ಅಳತೆಪಟ್ಟಿ ತೆಗೆದುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಗುರುತು ಮಾಡಿ, ಎರಡೂ ಕಾಲಿನ ಸುತ್ತಳತೆ ನೋಡಿ. ವ್ಯತ್ಯಾಸ 2 ಸೆಂಟಿಮೀಟರ್ ಅಥವಾ ಜಾಸ್ತಿ ಇದ್ದರೆ ಅದೇ ದಿನ ಡಾಪ್ಲರ್ ಸ್ಕ್ಯಾನ್ ಆಗಬೇಕು. ಅಳತೆ ಸಮ ಇದ್ದರೂ ನೋವು ಬಿಡದಿದ್ದರೆ, ತೊಡೆ ಅಥವಾ ತೊಡೆಸಂದು ನೋಯುತ್ತಿದ್ದರೆ ತೋರಿಸಲೇಬೇಕು. ಬಸಿರಿನಲ್ಲಿ ಹೆಪ್ಪು ಮೇಲ್ಭಾಗದಲ್ಲೇ ಕಟ್ಟುವುದೂ ಉಂಟು. ಅನುಮಾನವಿದ್ದಾಗ ಆ ಕಾಲನ್ನು ಯಾರಿಂದಲೂ ತಿಕ್ಕಿಸಿಕೊಳ್ಳಬೇಡಿ. ಉಸಿರಾಟ ಕಷ್ಟವಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಆಂಬ್ಯುಲೆನ್ಸ್ ಕರೆಯಿರಿ. ಡಾಪ್ಲರ್ ಸ್ಕ್ಯಾನ್‌ನಿಂದ ಮಗುವಿಗೆ ಅಪಾಯವಿಲ್ಲ. ಚಿಕಿತ್ಸೆಗೆ ಕೊಡುವ ಹೆಪಾರಿನ್ ಇಂಜೆಕ್ಷನ್ ಮಗುವನ್ನು ತಲುಪುವುದಿಲ್ಲ.

ಸೊಂಟನೋವು ಮತ್ತು ಆ ಜೆಲ್

ನೋವಿನ ಜೆಲ್‌ಗಳಲ್ಲಿ ಹೆಚ್ಚಾಗಿ ಡೈಕ್ಲೋಫೆನಾಕ್ ಇರುತ್ತದೆ. ಚರ್ಮಕ್ಕೆ ಹಚ್ಚಿದರೂ ಸ್ವಲ್ಪ ಭಾಗ ರಕ್ತಕ್ಕೆ ಸೇರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಔಷಧಿಗಳು 20 ವಾರದ ನಂತರ ಮಗುವಿನ ಕಿಡ್ನಿಯ ಕೆಲಸ ತಗ್ಗಿಸಿ ಗರ್ಭನೀರನ್ನು ಕಡಿಮೆ ಮಾಡಬಲ್ಲವು. ಕೊನೆಯ ಮೂರು ತಿಂಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ಮುಖ್ಯ ರಕ್ತನಾಳ ಹುಟ್ಟುವ ಮುಂಚೆಯೇ ಮುಚ್ಚಿಕೊಳ್ಳುವ ಭಯವೂ ಇದೆ. ನೀವು ಆಗಾಗ ಸ್ವಲ್ಪ ಹಚ್ಚಿದ್ದರೆ ಗಾಬರಿ ಬೇಡ. ನಿಲ್ಲಿಸಿ, ಎಷ್ಟು ದಿನ ಹಚ್ಚಿದಿರಿ ಎಂದು ವೈದ್ಯರಿಗೆ ಹೇಳಿ. ಬೇಕೆನಿಸಿದರೆ ಸ್ಕ್ಯಾನ್‌ನಲ್ಲಿ ಗರ್ಭನೀರು ನೋಡುತ್ತಾರೆ. ಆದರೆ ಪ್ರಿ-ಎಕ್ಲಾಂಪ್ಸಿಯಾ ತಡೆಯಲು ವೈದ್ಯರೇ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ಈ ಮಾತು ಕೇಳಿ ಬಿಡಬೇಡಿ, ಅದರ ಲೆಕ್ಕ ಬೇರೆ.

ನೋವು ತಡೆಯಲಾಗದಿದ್ದಾಗ ಪ್ಯಾರಾಸಿಟಮಾಲ್ ಬಳಸಬಹುದು. ಕಡಿಮೆ ಪ್ರಮಾಣ, ಕಡಿಮೆ ದಿನ. ನೆಗಡಿಯ ಮಾತ್ರೆಗಳಲ್ಲೂ ಅದೇ ಇರುತ್ತದೆ, ಎರಡನ್ನೂ ಸೇರಿಸಿ ನುಂಗಬೇಡಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಹದವಾಗಿ ಇಡಬಹುದು.

ಪೂರ್ತಿ ಮಲಗಿಬಿಟ್ಟರೆ ಸೊಂಟನೋವು ವಾಸಿಯಾಗುವುದಿಲ್ಲ, ಸ್ನಾಯು ಇನ್ನಷ್ಟು ದುರ್ಬಲವಾಗುತ್ತದೆ. ದಿನಾ ಅರ್ಧ ಗಂಟೆಯ ನಡಿಗೆಯನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಳ್ಳಿ. ಎದೆಯುರಿ, ಕರುಳು, ಸೊಂಟ ಮೂರಕ್ಕೂ ಆಯಿತು. ಕೈ ಮತ್ತು ಮಂಡಿ ಊರಿ, ಬೆನ್ನನ್ನು ನಿಧಾನವಾಗಿ ಮೇಲಕ್ಕೆ ಕಮಾನು ಮಾಡಿ ಮತ್ತೆ ಸಮಕ್ಕೆ ತನ್ನಿ. ಬೆಳಿಗ್ಗೆ ಸಂಜೆ ಹತ್ತು ಸಲ ಸಾಕು. ಮಲಗುವಾಗ ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ತೆಳ್ಳನೆಯದು ಒಂದು. ಅಂಗಾತ ಮಲಗುವುದು 28 ವಾರದ ನಂತರ ಬೇಡ. ನಿದ್ದೆಯಲ್ಲಿ ಅಂಗಾತ ಹೊರಳಿದ್ದು ಗೊತ್ತಾದರೆ ಮತ್ತೆ ಮಗ್ಗುಲಾಗಿ, ಅಷ್ಟೇ. ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಒಂದೇ ಕಾಲಿನ ಮೇಲೆ ಭಾರ ಹಾಕಿದಾಗ, ಮೆಟ್ಟಿಲು ಹತ್ತುವಾಗ, ಹಾಸಿಗೆಯಲ್ಲಿ ಹೊರಳುವಾಗ ಸೊಂಟದ ಹಿಂದೆ ಅಥವಾ ಮುಂದಿನ ಕೀಲಿನಲ್ಲಿ ಚುಚ್ಚಿದರೆ ಅದು ಸೊಂಟದ ಕೀಲುಗಳ ನೋವು. ಕೂತು ಬಟ್ಟೆ ಹಾಕಿಕೊಳ್ಳಿ, ಹೊರಳುವಾಗ ಮಂಡಿಗಳನ್ನು ಕೂಡಿಸಿಟ್ಟುಕೊಳ್ಳಿ. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ ಮತ್ತು ಬೆಲ್ಟ್ ಇದಕ್ಕೆ ಚೆನ್ನಾಗಿ ಹೊಂದುತ್ತವೆ.

ಸೊಂಟನೋವು ಯಾವಾಗ ಬೇರೆ ಅರ್ಥ ಕೊಡುತ್ತದೆ? ಅದು ತಾಳ ಹಿಡಿದಾಗ. ನಿಮಗೆ ಇನ್ನೂ 31 ವಾರ. 37 ವಾರಕ್ಕೆ ಮುಂಚೆ ನೋವು ಬಂದು ಹೋಗಿ ಬಂದು ಹೋಗಿ ಮಾಡುತ್ತಿದ್ದರೆ ಮೂತ್ರ ಮಾಡಿ ಬಂದು, ಒಂದು ಲೋಟ ನೀರು ಕುಡಿದು, ಮಗ್ಗುಲಿಗೆ ಮಲಗಿ ಹೊಟ್ಟೆಯ ಮೇಲೆ ಕೈ ಇಡಿ. ನೋವಿನ ಜೊತೆ ಹೊಟ್ಟೆ ಗಟ್ಟಿಯಾಗಿ ಸಡಿಲವಾಗುತ್ತಿದೆಯೇ ನೋಡಿ. ಗಂಟೆಯಲ್ಲಿ ನಾಲ್ಕು ಅಥವಾ ಹೆಚ್ಚು ಸಲ ಹಾಗಾದರೆ ಅವಧಿಗೆ ಮುಂಚಿನ ಹೆರಿಗೆ ನೋವಿರಬಹುದು, ಹೊರಡಿ. ಬೇಗ ತಲುಪಿದರೆ ಮಗುವಿನ ಶ್ವಾಸಕೋಶ ಬಲಿಯುವ ಇಂಜೆಕ್ಷನ್ ಕೊಡಲು ಹೊತ್ತು ಸಿಗುತ್ತದೆ. ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಸಡಿಲವಾಗದೆ ಕಲ್ಲಿನಂತೆ ಉಳಿದು ನೋಯುತ್ತಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಆ ಒಂದು ಗಂಟೆಯನ್ನೂ ಕಾಯಬೇಡಿ.

ಪಕ್ಕೆಯ ಕೆಳಗೆ ಒಂದೇ ಬದಿ ನೋವು, ಜೊತೆಗೆ ಜ್ವರ, ಚಳಿ ನಡುಕ, ಉರಿಮೂತ್ರ ಇದ್ದರೆ ಕಿಡ್ನಿಗೆ ಸೋಂಕು ಏರಿರಬಹುದು. ನೀರು ಕಡಿಮೆ ಮಾಡಿದ್ದವರು ನೀವು, ಆದ್ದರಿಂದ ಇದನ್ನು ನೆನಪಿಡಿ. ತೊಡೆಯ ಒಳಭಾಗ, ಗುಪ್ತಾಂಗದ ಸುತ್ತ ಮರಗಟ್ಟಿದರೆ, ಕಾಲಿಗೆ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರಬಹುದು. ಇದು ತೀರಾ ಅಪರೂಪ, ಆದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು.

ಮುಂದಿನ ಭೇಟಿಯಲ್ಲಿ ಬಿ.ಪಿ., ಹಿಮೋಗ್ಲೋಬಿನ್, ಮೂತ್ರಪರೀಕ್ಷೆ ಮೂರನ್ನೂ ಕೇಳಿ ಮಾಡಿಸಿ. ಈಗ ಹಾಕಿಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು, ಯಾವ ಹೊತ್ತಿಗೆ ಎಂದು ಬರೆದು, ತೆಗೆದುಕೊಂಡು ಹೋಗಿ. ಎದೆಯುರಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೋಗುತ್ತದೆ. ಸೊಂಟ ಸರಿಯಾಗಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಕಾಲಿನ ವಿಷಯದಲ್ಲಿ ಮಾತ್ರ ಹೆರಿಗೆಯ ನಂತರವೂ ಎಚ್ಚರ ಬಿಡಬೇಡಿ. ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆರಿಗೆಯಾದ ಮೊದಲ ಕೆಲವು ವಾರ ಇನ್ನೂ ಜಾಸ್ತಿ. ಒಂದೇ ಕಾಲು ಊದಿದರೆ ಬಾಣಂತನದ ಸುಸ್ತು ಎಂದುಕೊಳ್ಳದೆ, ಕನಿಷ್ಠ ಆರು ವಾರದವರೆಗೆ ಇದೇ ಅಳತೆ, ಇದೇ ಸ್ಕ್ಯಾನ್.